ಎಸ್ಸೆಸ್ಸೆಲ್ಸಿ ಆದ್ಮೇಲೆ ಸೈನ್ಸಾ, ಕಾಮರ್ಸಾ, ಆರ್ಟ್ಸಾ: ಅಡ್ಮಿಷನ್ ಫಾರಂ ತುಂಬೋ ಮೊದ್ಲು ಮನೇಲಿ ಕೂತು ಮಾಡ್ಬೇಕಾದ ಕೆಲಸ

ನಾನು ಪಿಯು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತೀನಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಅಡ್ಮಿಷನ್ ಟೇಬಲ್ ಹತ್ರ ಕೂರ್ತೀನಿ. ಅಲ್ಲಿಗೆ ಬರೋ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಹೇಳೋದು ಒಂದೇ ಮಾತು, "ಸಾರ್ ಸದ್ಯಕ್ಕೆ ಸೈನ್ಸ್ ಕೊಡಿ, ಆಮೇಲೆ ಬೇಕಾದ್ರೆ ಯಾವುದಕ್ಕಾದ್ರೂ ಹೋಗಬಹುದಲ್ಲ". ಈ ಮಾತಲ್ಲಿ ಅರ್ಧ ಸತ್ಯ ಇದೆ. ಸೈನ್ಸ್ ಓದಿದವರು ಬಿಕಾಂಗೆ ಹೋಗಬಹುದು, ಬಿಎಗೆ ಹೋಗಬಹುದು, ಲಾ ಓದಬಹುದು, ಆದ್ರೆ ಆರ್ಟ್ಸ್ ಓದಿದವರು ಎಂಜಿನಿಯರಿಂಗಿಗೆ ಬರೋಕಾಗಲ್ಲ. ಆದ್ರೆ ಹಾಗೆ ಆಮೇಲೆ ಬೇರೆ ಕಡೆ ಹೋಗುವಾಗ ಕೈಯಲ್ಲಿರೋದು ಸೆಕೆಂಡ್ ಪಿಯು ಮಾರ್ಕ್ಸು. ಮ್ಯಾಥ್ಸಲ್ಲಿ 38, ಕೆಮಿಸ್ಟ್ರಿಲಿ 40 ತಗೊಂಡು ಒಳ್ಳೆ ಕಾಲೇಜಲ್ಲಿ ಬಿಕಾಂ ಸೀಟ್ ಕೇಳೋಕೆ ಹೋದ್ರೆ, ಕಾಮರ್ಸಲ್ಲೇ 92 ಪರ್ಸೆಂಟ್ ತಗೊಂಡ ಮಗು ಪಕ್ಕದಲ್ಲೇ ನಿಂತಿರತ್ತೆ, ಅದಕ್ಕೆ ಅಕೌಂಟ್ಸ್ ಬೇರೆ ಗೊತ್ತಿರತ್ತೆ. ಬಾಗಿಲು ತೆರೆದಿದ್ರೂ ಒಳಗೆ ಹೋಗೋ ಶಕ್ತಿ ಎರಡು ವರ್ಷದಲ್ಲಿ ಕರಗಿಹೋಗಿರತ್ತೆ.

ಅದಕ್ಕೆ ಈ ಬರಹ. ಇದು ಕರ್ನಾಟಕದ ಪಿಯು ಬೋರ್ಡಿಗೆ ಹೋಗೋ ಮಕ್ಕಳಿಗೆ. ನಮ್ಮ ಅಕ್ಕನ ಮಗಳಿಗೆ ಹೋದ ವರ್ಷ ಹೇಗೆ ಮಾಡಿದ್ವಿ ಅನ್ನೋದನ್ನೇ ಉದಾಹರಣೆ ಇಟ್ಕೊಂಡು ಹೇಳ್ತೀನಿ.

ಮೊದಲು: ರಿಸಲ್ಟ್ ಬರೋವರೆಗಿನ ದಿನಗಳನ್ನ ಬಿಡಬೇಡಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಒಂದು ಮುಗಿದ್ಮೇಲೆ ರಿಸಲ್ಟ್ ಬರೋಕೆ ಸುಮಾರು ಒಂದು ತಿಂಗಳು ಸಿಗತ್ತೆ. ರಿಸಲ್ಟ್ ಬಂದ ತಕ್ಷಣ ಕಾಲೇಜುಗಳಲ್ಲಿ ಅಡ್ಮಿಷನ್ ಶುರುವಾಗಿಬಿಡತ್ತೆ, ಆ ಗಡಿಬಿಡಿಲಿ ಯಾರೂ ಯೋಚನೆ ಮಾಡಲ್ಲ. ಹಾಗಾಗಿ ಯೋಚನೆ ಮಾಡೋ ಟೈಮ್ ಅಂದ್ರೆ ಈ ಒಂದು ತಿಂಗಳೇ.

ಮಗುವನ್ನ "ನಿಂಗೆ ಏನಿಷ್ಟ" ಅಂತ ಕೇಳಿದ್ರೆ ಪ್ರಯೋಜನ ಇಲ್ಲ. ಹತ್ತನೇ ಕ್ಲಾಸಿನ ಮಗುವಿಗೆ ಅಕೌಂಟೆನ್ಸಿ ಅಂದ್ರೆ ಏನು ಅಂತಾನೇ ಗೊತ್ತಿರಲ್ಲ, ಇಷ್ಟನೋ ಇಲ್ವೋ ಹೇಗೆ ಹೇಳತ್ತೆ. ಅದಕ್ಕೆ ಊರಲ್ಲಿ ಯಾರಾದ್ರೂ ಸೆಕೆಂಡ್ ಪಿಯು ಮುಗಿಸಿದ ಮಕ್ಕಳಿದ್ರೆ ಅವರ ಫಸ್ಟ್ ಪಿಯು ಪುಸ್ತಕ ಇಸ್ಕೊಂಡು ಬನ್ನಿ. ಫಿಸಿಕ್ಸ್, ಮ್ಯಾಥ್ಸ್, ಅಕೌಂಟೆನ್ಸಿ, ಹಿಸ್ಟರಿ, ಈ ನಾಲ್ಕು ಸಾಕು. ಒಂದೊಂದಕ್ಕೆ ನಾಲ್ಕೈದು ದಿನ, ದಿನಕ್ಕೆ ಒಂದೂವರೆ ಗಂಟೆ, ಬೇಸಿಗೆ ರಜೆಲಿ ಇದು ಜಾಸ್ತಿ ಏನಲ್ಲ.

ಫಿಸಿಕ್ಸಲ್ಲಿ ನೇರ ರೇಖೆಲಿ ಚಲನೆ ಅನ್ನೋ ಪಾಠ ಶುರುವಲ್ಲೇ ಬರತ್ತೆ, ಅದನ್ನ ಓದೋಕೆ ಹೇಳಿ. ಆಮೇಲೆ ಈ ಲೆಕ್ಕ ಕೊಡಿ: ನಿಂತಿರೋ ಬಸ್ಸು ಹೊರಟು, ಒಂದೇ ಸಮನೆ ಸ್ಪೀಡ್ ಏರಿಸ್ಕೊಂಡು 10 ಸೆಕೆಂಡಲ್ಲಿ ಸೆಕೆಂಡಿಗೆ 20 ಮೀಟರ್ ವೇಗಕ್ಕೆ ಬಂತು, ಎಷ್ಟು ದೂರ ಹೋಯ್ತು? ಉತ್ತರ 100 ಮೀಟರ್, ಸೂತ್ರ ಹಾಕಿದ್ರೆ ಬಂದೇ ಬರತ್ತೆ. ನಾನು ನೋಡೋದು ಉತ್ತರ ಅಲ್ಲ. ಅದೇ ಲೆಕ್ಕಕ್ಕೆ ಗ್ರಾಫ್ ಹಾಕು, ಕೆಳಗೆ ಟೈಮು, ಮೇಲಕ್ಕೆ ವೇಗ, ಆ ಚಿತ್ರದಲ್ಲಿ ಈ 100 ಎಲ್ಲಿದೆ ತೋರಿಸು ಅಂತೀನಿ. ಗೆರೆಯ ಕೆಳಗೆ ಒಂದು ತ್ರಿಕೋನ ಆಗತ್ತೆ, ತಳ 10, ಎತ್ತರ 20, ಅದರ ವಿಸ್ತೀರ್ಣ 100, ಅದೇ ದೂರ. ಕೆಲವು ಮಕ್ಕಳು ಇದನ್ನ ಕಂಡ ಕೂಡ್ಲೇ ಕಣ್ಣರಳಿಸ್ತಾರೆ, ಇನ್ನೊಂದು ಲೆಕ್ಕ ಕೊಡಿ ಅಂತಾರೆ. ಕೆಲವರು ಹೇಳಿಕೊಟ್ಟ ಮೇಲೆ ಹೌದಲ್ವಾ ಅಂತಾರೆ, ಇವರೂ ಸೈನ್ಸಲ್ಲಿ ನಡೀತಾರೆ. ಆದ್ರೆ ಎರಡು ಮೂರು ಸಲ ತೋರಿಸಿದ್ರೂ "ಅದೆಲ್ಲ ಬೇಡ ಸಾರ್, ಸೂತ್ರ ಹೇಳಿ ಬಾಯಿಪಾಠ ಮಾಡ್ತೀನಿ" ಅನ್ನೋ ಮಕ್ಕಳಿಗೆ ಮುಂದಿನ ಎರಡು ವರ್ಷ ಕಷ್ಟ ಆಗತ್ತೆ. ಹತ್ತನೇ ಕ್ಲಾಸಿನವರೆಗೆ ಬಾಯಿಪಾಠದಲ್ಲಿ 90 ತೆಗೀಬಹುದು, ಪಿಯು ಫಿಸಿಕ್ಸಲ್ಲಿ ಅದು ಎರಡನೇ ಪಾಠಕ್ಕೇ ನಿಂತುಹೋಗತ್ತೆ.

ಅಕೌಂಟೆನ್ಸಿಗೆ ಮೂರೇ ವ್ಯವಹಾರ ಸಾಕು. ಒಬ್ಬರು 50,000 ರೂಪಾಯಿ ಸ್ವಂತ ದುಡ್ಡು ಹಾಕಿ ಅಂಗಡಿ ತೆಗೆದ್ರು, 20,000ಕ್ಕೆ ಸಾಮಾನನ್ನ ಸಾಲದಲ್ಲಿ ತಂದ್ರು, 5,000 ಬಾಡಿಗೆ ಕ್ಯಾಶ್ ಕೊಟ್ರು. ಜರ್ನಲ್ ಎಂಟ್ರಿ ಪಾಠ ಓದ್ಕೊಂಡು ಇದನ್ನ ಡೆಬಿಟ್ ಕ್ರೆಡಿಟ್ ಬರೀಬೇಕು. ಮೊದಲನೇದಕ್ಕೆ ಕ್ಯಾಶ್ ಡೆಬಿಟ್, ಕ್ಯಾಪಿಟಲ್ ಕ್ರೆಡಿಟ್. ಎರಡನೇದಕ್ಕೆ ಪರ್ಚೇಸಸ್ ಡೆಬಿಟ್, ಸಾಮಾನು ಕೊಟ್ಟವರ ಅಕೌಂಟ್ ಕ್ರೆಡಿಟ್. ಮೂರನೇದಕ್ಕೆ ಬಾಡಿಗೆ ಡೆಬಿಟ್, ಕ್ಯಾಶ್ ಕ್ರೆಡಿಟ್. ಎರಡೂ ಕಡೆ ಕೂಡಿದ್ರೆ 75,000 ಬರ್ಬೇಕು. ಇಲ್ಲಿ ನೋಡ್ಬೇಕಾಗಿರೋದು ಬುದ್ಧಿವಂತಿಕೆಗಿಂತ ಜಾಸ್ತಿ ತಾಳ್ಮೆ. ಇಂಥ 20 ಎಂಟ್ರಿ ಬರೆದು, ಕೂಡಿದಾಗ 500 ರೂಪಾಯಿ ವ್ಯತ್ಯಾಸ ಬಂದ್ರೆ ಮಗು ವಾಪಸ್ ಹೋಗಿ ಹುಡುಕತ್ತಾ ಅಥವಾ ಪುಸ್ತಕ ಮುಚ್ಚಿಡತ್ತಾ, ಅದನ್ನ ಗಮನಿಸಿ. ಕಾಮರ್ಸ್ ಸುಲಭ ಅಂತ ಬಂದು ಜರ್ನಲನ್ನ ಮೊದಲ ತಿಂಗಳಲ್ಲಿ ಬಿಟ್ಟ ಮಕ್ಕಳಿಗೆ ಲೆಡ್ಜರ್ ಅರ್ಥ ಆಗಲ್ಲ, ಟ್ರಯಲ್ ಬ್ಯಾಲೆನ್ಸ್ ಅರ್ಥ ಆಗಲ್ಲ, ಒಂದರ ಮೇಲೊಂದು ಕಟ್ಕೊಂಡು ಹೋಗೋ ಸಬ್ಜೆಕ್ಟ್ ಅದು.

ಆರ್ಟ್ಸಿಗೆ ಒಂದು ಹಿಸ್ಟರಿ ಪಾಠ ಓದಿಸಿ, ಮಾರನೇ ದಿನ ಪುಸ್ತಕ ಮುಚ್ಚಿ ಎರಡು ಪುಟ ಸ್ವಂತ ಮಾತಲ್ಲಿ ಬರೆಸಿ. ಇಸವಿ ತಪ್ಪಿದ್ರೂ ಪರವಾಗಿಲ್ಲ. ಒಂದು ಘಟನೆಗೆ ಕಾರಣ ಏನು, ಅದರಿಂದ ಏನಾಯ್ತು ಅನ್ನೋ ಜೋಡಣೆ ಬರವಣಿಗೆಲಿ ಇದೆಯಾ ನೋಡಿ. ಆರ್ಟ್ಸ್ ಅಂದ್ರೆ ಕೊನೆಗೂ ಓದೋದು ಮತ್ತು ಬರೆಯೋದು, ಎರಡು ಪುಟ ಬರೆಯೋಕೆ ಬೇಜಾರು ಪಡೋ ಮಗುವಿಗೆ ಅದೂ ಸುಲಭ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳ್ಲೇಬೇಕು. ಕನ್ನಡ ಮೀಡಿಯಂನಿಂದ ಬರೋ ಮಗುವಿಗೆ ಫಿಸಿಕ್ಸ್ ಪುಸ್ತಕ ಕೊಟ್ಟಾಗ ತಡವರಿಸಿದ್ರೆ ಅದು ಸೈನ್ಸ್ ಬರಲ್ಲ ಅಂತ ಅಲ್ಲ. ನನ್ನ ಕ್ಲಾಸಲ್ಲೇ ಒಬ್ಬ ಹುಡುಗ ಇದ್ದ, ಜುಲೈ ಪೂರ್ತಿ ಬಾಯಿ ಬಿಡಲಿಲ್ಲ. ಒಂದಿನ ಬೋರ್ಡ್ ಮೇಲೆ ಆಕ್ಸಲರೇಷನ್ ಅಂತ ಬರೆದು ಪಕ್ಕದಲ್ಲಿ ವೇಗೋತ್ಕರ್ಷ ಅಂತ ಬರೆದೆ, "ಅಯ್ಯೋ ಇದಾ ಸಾರ್" ಅಂದ. ಅವನಿಗೆ ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಹಾಗಾಗಿ ಮನೇಲಿ ಟೆಸ್ಟ್ ಮಾಡುವಾಗ ನೀವೇ ಕನ್ನಡದಲ್ಲಿ ವಿವರಿಸಿ, ಅಥವಾ ಗೊತ್ತಿರೋ ಮೇಷ್ಟ್ರ ಹತ್ರ ಹೇಳಿಸಿ, ಆಮೇಲೆ ಲೆಕ್ಕ ಕೊಡಿ. ಕನ್ನಡದಲ್ಲಿ ಕೇಳಿದಾಗ ಹೊಳೆದ್ರೆ ಆ ಮಗು ಸೈನ್ಸಿಗೆ ಬರಲಿ, ಆದ್ರೆ ಮೇ ತಿಂಗಳಿಂದಾನೇ ದಿನಕ್ಕೆ ಹತ್ತು ಪದದ ಹಾಗೆ ಇಂಗ್ಲಿಷ್ ಹೆಸರುಗಳನ್ನ ಒಂದು ನೋಟ್‌ಬುಕ್ಕಲ್ಲಿ ಬರ್ಕೋಬೇಕು, ಯಾಕಂದ್ರೆ ಬಹುತೇಕ ಕಾಲೇಜಲ್ಲಿ ಸೈನ್ಸ್ ಪಾಠ ನಡೆಯೋದು ಇಂಗ್ಲಿಷಲ್ಲೇ.

ಎರಡನೇದು: ಮಾರ್ಕ್ಸ್ ಕಾರ್ಡನ್ನ ಬಿಡಿಸಿ ನೋಡಿ, ಟೋಟಲ್ ನೋಡಬೇಡಿ

ನಮ್ಮ ಅಕ್ಕನ ಮಗಳಿಗೆ 625ಕ್ಕೆ 512 ಬಂತು, ಸುಮಾರು 82 ಪರ್ಸೆಂಟ್. ನೆಂಟರೆಲ್ಲ ಫೋನ್ ಮಾಡಿ 82 ಬಂದಿದೆ ಸೈನ್ಸಿಗೆ ಹಾಕಿ ಅಂದ್ರು. ಬಿಡಿಸಿದ್ರೆ ಹೀಗಿತ್ತು: ಕನ್ನಡ 125ಕ್ಕೆ 121, ಇಂಗ್ಲಿಷ್ 78, ಹಿಂದಿ 90, ಮ್ಯಾಥ್ಸ್ 61, ವಿಜ್ಞಾನ 66, ಸಮಾಜ 96.

ಇಷ್ಟಕ್ಕೇ ನಿಲ್ಲಿಸಬೇಡಿ. 125 ಮಾರ್ಕ್ಸಿನ ಮೊದಲ ಭಾಷೆ ಬಿಟ್ರೆ ಪ್ರತಿ ಸಬ್ಜೆಕ್ಟಲ್ಲೂ 100ರಲ್ಲಿ 20 ಇಂಟರ್ನಲ್, 80 ಲಿಖಿತ. ಇಂಟರ್ನಲ್ ಸ್ಕೂಲಲ್ಲೇ ಕೊಡೋದು, ಹೆಚ್ಚಿನ ಮಕ್ಕಳಿಗೆ 18, 19 ಬಂದಿರತ್ತೆ. ಅದನ್ನ ತೆಗೆದಿಡಿ. ಇವಳಿಗೆ ಮ್ಯಾಥ್ಸಲ್ಲಿ ಇಂಟರ್ನಲ್ 19, ಅಂದ್ರೆ ಪರೀಕ್ಷೆಲಿ ಅವಳೇ ಬರೆದು ತೆಗೆದಿದ್ದು 80ಕ್ಕೆ 42. ವಿಜ್ಞಾನದಲ್ಲೂ 19 ತೆಗೆದ್ರೆ 80ಕ್ಕೆ 47. ಸಮಾಜದಲ್ಲಿ 20 ತೆಗೆದ್ರೆ 80ಕ್ಕೆ 76. ಆ 82 ಪರ್ಸೆಂಟ್ ಕಟ್ಟಿದ್ದು ಭಾಷೆಗಳು ಮತ್ತು ಸಮಾಜ. ಪಿಯು ಸೈನ್ಸಲ್ಲಿ ಹಿಂದಿ ಸಮಾಜ ಯಾವುದೂ ಕೈ ಹಿಡಿಯಲ್ಲ, ನಾಲ್ಕು ಸಬ್ಜೆಕ್ಟಲ್ಲಿ ನಾಲ್ಕೂ ಮ್ಯಾಥ್ಸ್ ವಿಜ್ಞಾನದ ಮುಂದುವರಿಕೆಯೇ.

ನನ್ನ ಅನುಭವದಲ್ಲಿ ಲಿಖಿತದಲ್ಲಿ ಮ್ಯಾಥ್ಸ್ 80ಕ್ಕೆ 55ರ ಕೆಳಗೆ ಇದ್ದು ಬೇಸಿಗೆ ಟೆಸ್ಟಲ್ಲೂ ತಡವರಿಸಿದ ಮಗುವನ್ನ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಬಯಾಲಜಿ ಇರೋ ಪಿಸಿಎಂಬಿಗೋ, ಕಂಪ್ಯೂಟರ್ ಸೈನ್ಸ್ ಇರೋ ಪಿಸಿಎಂಸಿಗೋ ಹಾಕೋದು ಬೇಡ. ಇದು ಯಾರೋ ಮಾಡಿದ ನಿಯಮ ಅಲ್ಲ, ಇಷ್ಟು ವರ್ಷ ಕ್ಲಾಸಲ್ಲಿ ನೋಡಿ ನಾನು ಇಟ್ಕೊಂಡಿರೋ ಅಳತೆ. ಮತ್ತೆ ಅದಕ್ಕೂ ಒಂದು ಅಪವಾದ ಇದೆ. ಎಷ್ಟೋ ಹಳ್ಳಿ ಸ್ಕೂಲಲ್ಲಿ ಹತ್ತನೇ ಕ್ಲಾಸಿಗೆ ಅರ್ಧ ವರ್ಷ ಮ್ಯಾಥ್ಸ್ ಮೇಷ್ಟ್ರೇ ಇರಲ್ಲ. ಅಂಥ ಮಗುವಿಗೆ 42 ಬಂದಿದ್ರೆ ಅದು ಬೇರೆ 42. ಬೇಸಿಗೆಲಿ ಕೂರಿಸಿ ಹೇಳಿಕೊಟ್ಟಾಗ ಎರಡು ವಾರದಲ್ಲಿ ಚೇತರಿಸ್ಕೊಂಡ್ರೆ ಮಾರ್ಕ್ಸ್ ಮರೆತು ಸೈನ್ಸಿಗೆ ಕಳಿಸಿ. ಅದಕ್ಕೇ ಟೆಸ್ಟ್ ಮೊದಲು, ಮಾರ್ಕ್ಸ್ ಆಮೇಲೆ ಅಂತ ಹೇಳಿದ್ದು.

ಮೂರನೇದು: ಯಾವ ಕೆಲಸಕ್ಕೆ ಯಾವ ಸಬ್ಜೆಕ್ಟ್ ಇರಲೇಬೇಕು

ಇಲ್ಲಿ ಜನ ಸ್ಟ್ರೀಮ್ ಲೆಕ್ಕದಲ್ಲಿ ಯೋಚನೆ ಮಾಡ್ತಾರೆ, ಯೋಚನೆ ಮಾಡ್ಬೇಕಾಗಿರೋದು ಸಬ್ಜೆಕ್ಟ್ ಲೆಕ್ಕದಲ್ಲಿ, ಅದರಲ್ಲೂ ಮ್ಯಾಥ್ಸ್ ಮತ್ತು ಬಯಾಲಜಿ ಲೆಕ್ಕದಲ್ಲಿ.

ಎಂಬಿಬಿಎಸ್, ಡೆಂಟಲ್, ಆಯುರ್ವೇದಕ್ಕೆ ನೀಟ್ ಬರೀಬೇಕು, ಅದರಲ್ಲಿ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಮಾತ್ರ, ಮ್ಯಾಥ್ಸ್ ಇಲ್ಲ. ಒಟ್ಟು 720 ಮಾರ್ಕ್ಸಲ್ಲಿ ಬಯಾಲಜಿಗೇ 360. ಎಂಜಿನಿಯರಿಂಗಿಗೆ ತಿರುಗಾ ಮುರುಗಾ, ಬಯಾಲಜಿ ಬೇಡ, ಮ್ಯಾಥ್ಸ್ ಫಿಸಿಕ್ಸ್ ಬೇಕೇ ಬೇಕು. ನಮ್ಮ ಸಿಇಟಿಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಸೆಕೆಂಡ್ ಪಿಯು ಪಿಸಿಎಂ ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ ಹಿಡೀತಾರೆ. ಇದನ್ನ ಮರೆತು ಬರೀ ಎಂಟ್ರೆನ್ಸ್ ಕೋಚಿಂಗಿಗೆ ಲಕ್ಷ ಲಕ್ಷ ಸುರಿದು, ಬೋರ್ಡ್ ಪಾಠ, ಲ್ಯಾಬ್ ಎರಡನ್ನೂ ಬದಿಗಿಟ್ಟು ರ‍್ಯಾಂಕ್ ಕೆಳಗೆ ಬಿದ್ದ ಮಕ್ಕಳನ್ನ ನೋಡಿ ನಂಗೆ ತುಂಬಾ ಸಂಕಟ ಆಗಿದೆ. ಕಾಲೇಜು ನೋಡೋಕೆ ಹೋದಾಗ ಫೀಸ್ ಕೇಳೋ ಮೊದ್ಲು ವಾರಕ್ಕೆ ಎಷ್ಟು ಲ್ಯಾಬ್ ಕ್ಲಾಸ್ ನಡೀತವೆ ಅಂತ ಕೇಳಿ. ಸೈನ್ಸ್ ಸಬ್ಜೆಕ್ಟಲ್ಲಿ ಪ್ರಾಕ್ಟಿಕಲ್ಲಿಗೇ 30 ಮಾರ್ಕ್ಸ್.

ನರ್ಸಿಂಗ್ ಬಿಎಸ್ಸಿಗೆ ಬಯಾಲಜಿ ಬೇಕು. ಬಿ ಫಾರ್ಮಾಗೆ ಬಯಾಲಜಿ ಅಥವಾ ಮ್ಯಾಥ್ಸ್ ಯಾವುದಾದ್ರೂ ನಡೆಯತ್ತೆ. ಪೈಲಟ್ ಆಗೋಕೆ ಫಿಸಿಕ್ಸ್ ಮ್ಯಾಥ್ಸ್ ಬೇಕು. ಎನ್‌ಡಿಎಲಿ ಏರ್‌ಫೋರ್ಸ್ ನೇವಿಗೆ ಪಿಸಿಎಂ ಬೇಕು, ಆರ್ಮಿಗೆ ಆರ್ಟ್ಸ್ ಕಾಮರ್ಸಿನವರೂ ಹೋಗಬಹುದು.

ಈಗ ಜನರಿಗೆ ಗೊತ್ತಿಲ್ಲದ ಭಾಗ. ಐಎಎಸ್, ಕೆಎಎಸ್ಸಿಗೆ ಬೇಕಾಗಿರೋದು ಯಾವುದಾದ್ರೂ ಒಂದು ಡಿಗ್ರಿ. ಐದು ವರ್ಷದ ಲಾ ಕೋರ್ಸಿಗೆ ಯಾವ ಸ್ಟ್ರೀಮಿನವರೂ ಬರಬಹುದು. ಸಿಎ ಫೌಂಡೇಷನ್ನಿಗೂ ಅಷ್ಟೇ, ಪಿಯುಲಿ ಕಾಮರ್ಸೇ ಓದಿರ್ಬೇಕು ಅಂತ ಇಲ್ಲ, ಓದಿದ್ರೆ ಅನುಕೂಲ. ಬಿಸಿಎಗೂ ಬಹಳಷ್ಟು ಕಡೆ ಕಾಮರ್ಸಿನವರನ್ನ ತಗೋತಾರೆ, ಸಾಫ್ಟ್‌ವೇರಿಗೆ ಹೋಗೋಕೆ ಪಿಸಿಎಂ ಒಂದೇ ದಾರಿ ಅಲ್ಲ. ಅಂದ್ರೆ ಮಗು ಡಾಕ್ಟರ್, ನರ್ಸ್, ಫಾರ್ಮಸಿ, ಎಂಜಿನಿಯರ್, ಪೈಲಟ್, ವಿಜ್ಞಾನಿ, ಈ ಕಡೆ ನಿಜವಾಗ್ಲೂ ನೋಡ್ತಿಲ್ಲ ಅಂದ್ರೆ ಸೈನ್ಸ್ ತಗೊಂಡು ಕಾಪಾಡ್ಕೊಳ್ಳೋ ಬಾಗಿಲು ಹೆಚ್ಚೇನಿಲ್ಲ.

ಕಾಮರ್ಸಲ್ಲೂ ಒಂದು ಕೊಕ್ಕೆ ಇದೆ. ಬೇಸಿಕ್ ಮ್ಯಾಥ್ಸ್ ಅಥವಾ ಸ್ಟಾಟಿಸ್ಟಿಕ್ಸ್ ಇರೋ ಕಾಂಬಿನೇಷನ್ ಇರತ್ತೆ, ಹಿಸ್ಟರಿ ಇರೋದೂ ಇರತ್ತೆ. ಬಿಕಾಂಗೆ, ಸಿಎಗೆ ಎರಡೂ ನಡೆಯತ್ತೆ. ಆದ್ರೆ ಮುಂದೆ ಅಂಕಿಅಂಶ, ಇನ್ಶೂರೆನ್ಸ್ ಲೆಕ್ಕಾಚಾರ, ಗಟ್ಟಿ ಎಕನಾಮಿಕ್ಸ್ ಕಡೆ ಹೋಗೋ ಮನಸ್ಸಿದ್ರೆ ಮ್ಯಾಥ್ಸ್ ಬಿಡಬೇಡಿ, ದೆಹಲಿ ಯೂನಿವರ್ಸಿಟಿ ಎಕನಾಮಿಕ್ಸ್ ಆನರ್ಸಿಗೆ ಮ್ಯಾಥ್ಸ್ ಇಲ್ಲದೆ ಹೋಗೋಕಾಗಲ್ಲ.

ಇನ್ನು ಕೈಕೆಲಸ, ಮೆಷಿನ್ನು ಇಷ್ಟಪಡೋ ಮಗುವಿಗೆ ಪಿಯುನೇ ಬೇಡ. ಹತ್ತನೇ ಕ್ಲಾಸ್ ಆದ್ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಪಿಸಿಎಂಸಿಲಿ ಮೂಲೆಲಿ ಕೂತು ಒದ್ದಾಡೋ ಎಷ್ಟೋ ಹುಡುಗರು ಡಿಪ್ಲೊಮಾ ವರ್ಕ್‌ಶಾಪಲ್ಲಿ ಚೆನ್ನಾಗಿ ಬೆಳೀತಿದ್ರು ಅಂತ ನಂಗೆ ಅನ್ಸತ್ತೆ.

ನಾಲ್ಕನೇದು: ಮೂರನ್ನೂ ಕೂಡಿಸಿ ತೀರ್ಮಾನ

ಅಕ್ಕನ ಮಗಳ ವಿಷಯಕ್ಕೆ ಬರ್ತೀನಿ. ಫಿಸಿಕ್ಸ್ ಗ್ರಾಫ್ ಮೂರು ಸಲ ತೋರಿಸಿದ್ರೂ ಅವಳಿಗೆ ಹಿಡಿಸಲಿಲ್ಲ, ಅವಳೇ ಹೇಳಿದ್ಲು "ಮಾಮ, ಇದನ್ನ ನೀವು ಹೇಳಿದಾಗ ಅರ್ಥ ಆಗತ್ತೆ, ಒಬ್ಳೇ ಕೂತ್ರೆ ಬೇಡ ಅನ್ಸತ್ತೆ". ಹಿಸ್ಟರಿಗೆ ಎರಡು ಪುಟ ಕೇಳಿದ್ರೆ ನಾಲ್ಕು ಪುಟ ಬರೆದಿದ್ಲು. ಅಕೌಂಟ್ಸಲ್ಲಿ ಮೊದಲ ದಿನ ಡೆಬಿಟ್ ಕ್ರೆಡಿಟ್ ಉಲ್ಟಾ ಮಾಡಿದ್ಲು, ನಾಲ್ಕನೇ ದಿನಕ್ಕೆ 20 ಎಂಟ್ರಿ ಸರಿ ಮಾಡಿ ಟೋಟಲ್ ಕೂಡಿಸಿದ್ಲು. ಕೇಳಿದ್ರೆ ಲಾಯರ್ ಆಗ್ಬೇಕು ಅಂತಾಳೆ.

ಭಾವಂಗೆ ಹಾರ್ಡ್‌ವೇರ್ ಅಂಗಡಿ ಇದೆ. ಅವರ ಆತಂಕ ಒಂದೇ, "ಲಾ ಕೈ ಕೊಟ್ರೆ ಮುಂದೇನು ಗತಿ". ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ಸಿಗದೆ ಇದ್ರೆ ಅವರು ಸೈನ್ಸಿಗೇ ಹಾಕ್ತಿದ್ರು. ಬರೀ ಲಾಗೆ ಅಂದ್ರೆ ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ ಇರೋ ಎಚ್‌ಇಪಿಎಸ್ ಸೊಗಸಾಗಿತ್ತು. ಆದ್ರೆ ನಾವು ತಗೊಂಡಿದ್ದು ಎಚ್‌ಇಬಿಎ, ಅಂದ್ರೆ ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಅವಳಿಗೆ ಇಷ್ಟವಾದ ಹಿಸ್ಟರಿ ಉಳೀತು, ಲಾ ದಾರಿ ಹಾಗೇ ಇದೆ, ಅದು ಆಗದಿದ್ರೆ ಬಿಕಾಂ ಕೈಯಲ್ಲಿದೆ, ಟ್ಯಾಕ್ಸ್ ಕಡೆ ಲಾಯರ್ ಆದ್ರೆ ಅಕೌಂಟ್ಸ್ ಉಪಯೋಗಕ್ಕೇ ಬರತ್ತೆ. ಅಕೌಂಟ್ಸ್ ಟೆಸ್ಟಲ್ಲಿ ಅವಳು ಕೂತು ಮಾಡಿದ್ದಕ್ಕೆ ಮಾತ್ರ ಇದನ್ನ ಒಪ್ಕೊಂಡಿದ್ದು, ಇಲ್ಲಾಂದ್ರೆ ಎಚ್‌ಇಪಿಎಸ್ಸೇ ಸರಿ ಇರ್ತಿತ್ತು.

ತೀರ್ಮಾನ ಆದ ದಿನವೇ ಮುಂದಿನ ಪರೀಕ್ಷೆಯ ದಿನಾಂಕನೂ ನೋಡ್ಕೋಬೇಕು. ರಾಷ್ಟ್ರೀಯ ಕಾನೂನು ವಿವಿಗಳಿಗೆ ಹೋಗೋಕೆ ಕ್ಲಾಟ್ ಬರೀಬೇಕು, ಅದು ಸಾಮಾನ್ಯವಾಗಿ ಡಿಸೆಂಬರಲ್ಲೇ ನಡೆಯತ್ತೆ, ಸೆಕೆಂಡ್ ಪಿಯು ಬೋರ್ಡ್ ಪರೀಕ್ಷೆಗೂ ಮುಂಚೆ. ಎರಡು ಗಂಟೆಲಿ 120 ಪ್ರಶ್ನೆ, ಪೂರ್ತಿ ಇಂಗ್ಲಿಷಲ್ಲಿ, ತಪ್ಪಿದ್ರೆ ಕಾಲು ಮಾರ್ಕ್ಸ್ ಕಟ್. ಪಿಯು ಮುಗಿದ್ಮೇಲೆ ಲಾ ನೋಡೋಣ ಅಂದವರಿಗೆ ಆ ವರ್ಷದ ಕ್ಲಾಟ್ ಆಗಲೇ ಮುಗಿದಿರತ್ತೆ. ಇವಳಿಗೆ ಇಂಗ್ಲಿಷ್ 78, ಇಂಟರ್ನಲ್ 18 ತೆಗೆದ್ರೆ 80ಕ್ಕೆ 60. ಹಾಗಾಗಿ ಫಸ್ಟ್ ಪಿಯು ಸೇರಿದ ವಾರದಿಂದಾನೇ ದಿನಕ್ಕೊಂದು ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದಿ ಐದು ಸಾಲಲ್ಲಿ ಬರೆಯೋದು ಶುರು ಮಾಡಿಸಿದೀವಿ. ಕ್ಲಾಟ್ ಆಗದಿದ್ರೂ ರಾಜ್ಯದಲ್ಲಿ ಐದು ವರ್ಷದ ಲಾ ಕೋರ್ಸ್ ಇರೋ ಕಾಲೇಜುಗಳು ಇವೆ, ಅದನ್ನೂ ಪಟ್ಟಿ ಮಾಡಿಟ್ಟಿದೀವಿ.

ಕೊನೇದು: ಸೇರಿದ್ಮೇಲೆ ತಪ್ಪಾಯ್ತು ಅನ್ಸಿದ್ರೆ

ಮೊದಲ ಒಂದೂವರೆ ತಿಂಗಳು ಮಗುವನ್ನ ಗಮನಿಸಿ. ಮಾರ್ಕ್ಸಿಗಿಂತ ಮೊದಲು ಬೇರೆ ಗುರುತು ಕಾಣತ್ತೆ. ಮ್ಯಾಥ್ಸ್ ನೋಟ್ಸಲ್ಲಿ ಬೋರ್ಡಿಂದ ಕಾಪಿ ಮಾಡಿದ ಲೆಕ್ಕ ಪೂರ್ತಿ ಇರತ್ತೆ, ಎಕ್ಸರ್‌ಸೈಜ್ ಲೆಕ್ಕ ಒಂದೂ ಇರಲ್ಲ. ಕಾಲೇಜಿಂದ ಬಂದು ಎಲ್ಲಾ ಸಬ್ಜೆಕ್ಟ್ ಬಗ್ಗೆ ಮಾತಾಡಿದ್ರೂ ಒಂದರ ಬಗ್ಗೆ ಮಾತ್ರ ಸುಮ್ಮನಾಗತ್ತೆ. ಸೋಮವಾರ ಹೊಟ್ಟೆನೋವು ಅನ್ನತ್ತೆ. ಹಾಗಿದ್ರೆ ಮೊದಲು ಲೆಕ್ಚರರ್ ಹತ್ರ ಹೋಗಿ, ಭಾಷೆ ತೊಡಕಾ, ವಿಷಯ ತೊಡಕಾ ಕೇಳಿ. ಭಾಷೆ ಆದ್ರೆ ಸೆಪ್ಟೆಂಬರ್ ಹೊತ್ತಿಗೆ ಸರಿಹೋಗತ್ತೆ, ಸ್ಟ್ರೀಮ್ ಬದಲಾಯಿಸೋಕೆ ಹೋಗಬೇಡಿ.

ವಿಷಯವೇ ತೊಡಕು ಅಂತ ಗೊತ್ತಾದ್ರೆ ತಡ ಮಾಡಬೇಡಿ. ಕಾಂಬಿನೇಷನ್ ಬದಲಾವಣೆಗೆ ಇಲಾಖೆ ಪ್ರತಿ ವರ್ಷ ಒಂದು ಕೊನೇ ದಿನಾಂಕ ಕೊಡತ್ತೆ, ಆ ದಿನಾಂಕ ಏನು ಅಂತ ಅಡ್ಮಿಷನ್ ದಿನವೇ ಆಫೀಸಲ್ಲಿ ಕೇಳಿ ಬರೆದಿಟ್ಕೊಳ್ಳಿ. ಅದರೊಳಗೆ ಆದ್ರೆ ಅದೇ ಕಾಲೇಜಲ್ಲಿ ಸೀಟ್ ಇದ್ರೆ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದುಕೊಟ್ಟು ಬದಲಾಯಿಸ್ಕೋಬಹುದು. ದಿನಾಂಕ ದಾಟಿದ್ರೆ ಮುಂದಿನ ವರ್ಷ ಮತ್ತೆ ಫಸ್ಟ್ ಪಿಯುಗೆ ಹೊಸದಾಗಿ ಸೇರಬೇಕಾಗತ್ತೆ. ಪೂರ್ತಿ ವರ್ಷದ ಫೀಸ್ ಮೊದಲೇ ಕಟ್ಟಿಸ್ಕೊಳ್ಳೋ ಕಾಲೇಜಾದ್ರೆ, ಮಧ್ಯದಲ್ಲಿ ಬಿಟ್ರೆ ಎಷ್ಟು ವಾಪಸ್ ಕೊಡ್ತೀರಿ ಅನ್ನೋದನ್ನೂ ಅವತ್ತೇ ಕೇಳಿ, ಬಾಯಿಮಾತು ಬೇಡ, ರಸೀತಿ ಹಿಂದೆನೇ ಬರೆಸ್ಕೊಳ್ಳಿ.